ಕೊಳೆ ಕೊಲೆಯಾದಾಗ: ಸಬ್‌ಟೈಟಲ್‌ನಲ್ಲಿ ಮಾತು ಹುಡುಕುವ ಕೆಲಸ

ಕೇಳುಗರಿಗೆ ನಮಸ್ಕಾರ.

ಅಡಿಕೆ ಬೆಳೆಗಾರರ ಸಭೆಗಳಲ್ಲಿ ಮಾಡಿಕೊಂಡ ಒಂದಷ್ಟು ರೆಕಾರ್ಡಿಂಗ್‌ಗಳು ನನ್ನ ಹತ್ತಿರ ಇವೆ. ಪರಿಚಯದವರೊಬ್ಬರು ಒಂದು ದಿನ ಫೋನ್ ಮಾಡಿದರು. "ಕೊಳೆರೋಗದ ಬಗ್ಗೆ ಹಿರಿಯರೊಬ್ಬರು ಚೆನ್ನಾಗಿ ಮಾತಾಡಿದ್ದರಲ್ವಾ, ಅದು ಯಾವುದರಲ್ಲಿದೆ ನೋಡಿ ಹೇಳ್ತೀರಾ?" ಎಂದು ಕೇಳಿದರು. ಎಲ್ಲ ರೆಕಾರ್ಡಿಂಗ್‌ಗಳಿಗೂ ಕಂಪ್ಯೂಟರ್ ತಾನಾಗಿ ಬರೆದ ಸಬ್‌ಟೈಟಲ್ ಇತ್ತು. ಅದರಲ್ಲಿ "ಕೊಳೆ" ಎಂದು ಹುಡುಕಿದೆ. ಒಂದು ಕಡೆಯೂ ಸಿಗಲಿಲ್ಲ. "ಆ ಮಾತು ನಮ್ಮಲ್ಲಿ ಇಲ್ಲ" ಎಂದು ಹೇಳಿ ಫೋನ್ ಇಟ್ಟೆ.

ಆ ಮಾತು ಇತ್ತು. ಎರಡು ವಾರದ ಮೇಲೆ ಬೇರೆ ಏನನ್ನೋ ಕೇಳುತ್ತಿದ್ದಾಗ ಕಿವಿಗೆ ಬಿತ್ತು. ಆಗ ಸಬ್‌ಟೈಟಲ್ ಫೈಲನ್ನು ತೆರೆದು ನೋಡಿದೆ. ಅಲ್ಲಿ ಬರೆದಿದ್ದದ್ದು "ಮಳೆಗಾಲದಲ್ಲಿ ಕೊಲೆ ರೋಗ ಬರುತ್ತೆ" ಎಂದು. ನೀವು ರೇಡಿಯೋದಲ್ಲಿ ಕೇಳುತ್ತಿದ್ದೀರಿ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಕೊಳೆಯುವ ಕೊಳೆಯಲ್ಲಿ ಇರುವುದು ಳಕಾರ. ಫೈಲಿನಲ್ಲಿ ಬಂದಿದ್ದು ಲಕಾರ. ಒಂದೇ ಅಕ್ಷರದ ವ್ಯತ್ಯಾಸ.

ಸಬ್‌ಟೈಟಲ್ ಫೈಲು ಅಂದರೆ ಏನು ಎಂದು ಮೊದಲು ನೋಡೋಣ. ಎಸ್‌ಆರ್‌ಟಿ ಎಂಬ ಫೈಲನ್ನು ಯಾವ ಸಾಧಾರಣ ನೋಟ್‌ಪ್ಯಾಡಿನಲ್ಲಾದರೂ ತೆರೆಯಬಹುದು. ಒಂದು ಕ್ರಮಸಂಖ್ಯೆ. ಅದರ ಕೆಳಗೆ ಮಾತು ಶುರುವಾದ ಹೊತ್ತು ಮತ್ತು ಮುಗಿದ ಹೊತ್ತು, ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ. ಅದರ ಕೆಳಗೆ ಮಾತು. ಆಮೇಲೆ ಒಂದು ಖಾಲಿ ಸಾಲು. ಇಷ್ಟೇ. ಇದನ್ನು ಪರದೆಯ ಮೇಲೆ ಓದುವುದಕ್ಕೆ ಮಾಡಿದ್ದು. ಆದರೆ ಪ್ರತಿ ಮಾತಿಗೂ ಅದರ ಹೊತ್ತು ಅಂಟಿಕೊಂಡಿರುವುದರಿಂದ, ಇದು ಪುಸ್ತಕದ ಕೊನೆಯಲ್ಲಿರುವ ಪದಸೂಚಿಯ ಹಾಗೆಯೂ ಕೆಲಸ ಮಾಡುತ್ತದೆ. ಪುಟದ ಸಂಖ್ಯೆಯ ಬದಲು ನಿಮಿಷ, ಸೆಕೆಂಡು. ಪದ ಸಿಕ್ಕಿದರೆ ನೇರವಾಗಿ ಆ ಜಾಗಕ್ಕೇ ಹೋಗಿ ಕೇಳಬಹುದು. ಇಪ್ಪತ್ತು ಗಂಟೆಯ ಮಾತನ್ನು ಯಾರೂ ಪೂರ್ತಿ ಕೇಳುತ್ತಾ ಕೂರುವುದಿಲ್ಲ. ಈ ಫೈಲು ಸರಿ ಇದ್ದರೆ ಅರ್ಧ ನಿಮಿಷ ಸಾಕು.

ಆದರೆ ಹಾಗೇ ತೆಗೆದು ಹುಡುಕಿದರೆ ಎರಡು ತೊಡಕು ಬರುತ್ತವೆ. ಒಂದು, ಮಾತು ಸಾಲುಗಳ ನಡುವೆ ತುಂಡಾಗಿರುತ್ತದೆ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಹೆಸರನ್ನೇ ನೋಡಿ. "ಬೋರ್ಡೋ" ಒಂದು ಸಾಲಿನ ಕೊನೆಯಲ್ಲಿ, "ದ್ರಾವಣ" ಮುಂದಿನ ಸಾಲಿನ ಶುರುವಿನಲ್ಲಿ. ಎರಡನ್ನೂ ಸೇರಿಸಿ ಹುಡುಕಿದರೆ ಸಿಗುವುದಿಲ್ಲ. ಅದಕ್ಕೆ ನಾನು ಸುಮಾರು ಅರ್ಧ ನಿಮಿಷದ ಮಾತನ್ನು ಒಟ್ಟಿಗೆ ಸೇರಿಸಿ ಒಂದು ತುಣುಕು ಮಾಡುತ್ತೇನೆ. ಒಂದು ತುಣುಕಿನ ಕೊನೆಯ ಸಾಲನ್ನು ಮುಂದಿನದರಲ್ಲೂ ಇಡುತ್ತೇನೆ. ಇನ್ನೊಂದು, ತಾನಾಗಿ ಬರುವ ಸಬ್‌ಟೈಟಲ್ ಕೆಲವು ಕಡೆ ಮೇಲಕ್ಕೆ ಉರುಳುವ ಹಾಗೆ ಇರುತ್ತದೆ. ಒಂದೇ ಸಾಲು ಫೈಲಿನಲ್ಲಿ ಎರಡು ಮೂರು ಸಲ ಬಂದಿರುತ್ತದೆ. ಅದನ್ನು ತೆಗೆಯದೇ ಬಿಟ್ಟರೆ ಒಮ್ಮೆ ಹೇಳಿದ ಪದ ಮೂರು ಸಲ ಎಣಿಕೆಗೆ ಬರುತ್ತದೆ. ಪದ ಎಷ್ಟು ಸಲ ಬಂತು ಎಂಬುದನ್ನು ನೋಡಿ ಫಲಿತಾಂಶ ಜೋಡಿಸುವ ಹುಡುಕಾಟ ಅಲ್ಲೇ ದಾರಿ ತಪ್ಪುತ್ತದೆ.

ಇವು ಸುಲಭವಾಗಿ ಸರಿಯಾಗುವ ತೊಡಕುಗಳು. ಕೊಳೆ ಕೊಲೆಯಾದದ್ದು ಹಾಗಲ್ಲ. ಯಾಕೆ ಅಂದರೆ "ಕೊಲೆ" ಕೂಡ ಸರಿಯಾದ ಕನ್ನಡ ಪದವೇ. ಕಾಗುಣಿತ ನೋಡುವ ಯಾವ ತಂತ್ರಾಂಶವೂ ಅದಕ್ಕೆ ಕೆಂಪು ಗೆರೆ ಎಳೆಯುವುದಿಲ್ಲ. ಯಂತ್ರಕ್ಕೆ ಎರಡು ಪದ ಒಂದೇ ಥರ ಕೇಳಿಸಿದಾಗ, ತಾನು ಕಲಿತ ಬರಹದಲ್ಲಿ ಯಾವುದು ಜಾಸ್ತಿ ಬಂದಿತ್ತೋ ಅದರ ಕಡೆಗೆ ವಾಲುತ್ತದೆ. ಸುದ್ದಿಯಲ್ಲಿ ಕೊಲೆ ಎಂಬ ಪದ ಎಷ್ಟು ಸಲ ಬರುತ್ತದೆ, ಕೊಳೆರೋಗ ಎಷ್ಟು ಸಲ ಬರುತ್ತದೆ, ನೀವೇ ಯೋಚಿಸಿ. ಜೊತೆಗೆ ನಮ್ಮಲ್ಲಿ ಎಷ್ಟೋ ಜನ ಮಾತಿನ ಓಟದಲ್ಲಿ ಳಕಾರವನ್ನು ಲಕಾರದ ಹತ್ತಿರಕ್ಕೆ ತಂದುಬಿಡುತ್ತಾರೆ. ಪದದ ಮೊದಲಿನ ಹಕಾರವನ್ನು ಬಿಡುವವರೂ ಇದ್ದಾರೆ. ಮನುಷ್ಯನ ಕಿವಿ ಸಂದರ್ಭ ನೋಡಿ ಸರಿಮಾಡಿಕೊಳ್ಳುತ್ತದೆ. ಓದುವವನೂ "ಕೊಲೆ ರೋಗ" ಎಂಬುದನ್ನು ನೋಡಿ, ಓ ಇದು ಕೊಳೆ, ಎಂದು ಅರ್ಥ ಮಾಡಿಕೊಂಡು ಮುಂದೆ ಹೋಗುತ್ತಾನೆ. ಹುಡುಕುವ ಸೂಚಿಗೆ ಆ ಶಕ್ತಿ ಇಲ್ಲ. ಅದಕ್ಕೆ ಅಕ್ಷರ ಬೇರೆ ಆದರೆ ಪದವೇ ಬೇರೆ.

ಆಮೇಲೆ ಆ ಭಾಷಣದ ನಡುವಿನ 10 ನಿಮಿಷವನ್ನು ತೆಗೆದುಕೊಂಡು ಪೆನ್ನು ಹಿಡಿದು ಕೂತೆ. ಶುರುವಿನ ಭಾಗ ಬೇಡ. ಅಲ್ಲಿ ನಮಸ್ಕಾರ, ವಂದನೆ ಇರುತ್ತದೆ, ಅದನ್ನು ಯಂತ್ರ ಚೆನ್ನಾಗಿಯೇ ಬರೆಯುತ್ತದೆ. ಫೈಲು ನೋಡುವ ಮೊದಲೇ, ಜನ ಏನನ್ನು ಹುಡುಕಬಹುದು ಎಂದು ಯೋಚಿಸಿ 15 ಪದ ಬರೆದುಕೊಂಡೆ. ಕೊಳೆ, ಬೋರ್ಡೋ, ಮೈಲುತುತ್ತ, ಸುಣ್ಣ, ಸಿಂಪಡಣೆ, ಹೀಗೆ. ಕಿವಿಯಲ್ಲಿ ಕೇಳಿ ಎಣಿಸಿದೆ. ಕೊಳೆ ಎಂಬ ಪದ 11 ಸಲ ಬಂತು. ಫೈಲಿನಲ್ಲಿ 8 ಸಲ ಕೊಲೆ, 3 ಸಲ ಕೊನೆ. ಸರಿಯಾಗಿ ಒಂದು ಸಲವೂ ಇಲ್ಲ. ಈ "ಕೊನೆ" ಇನ್ನೂ ಕಷ್ಟದ್ದು. ಅಡಿಕೆಯ ಗೊನೆಗೂ ಕೊನೆ ಅಂತಲೇ ಹೇಳುತ್ತಾರೆ, ಹಾಗಾಗಿ ಆ ಸಾಲನ್ನು ಓದಿದರೆ ತಪ್ಪು ಅಂತ ಅನುಮಾನವೇ ಬರುವುದಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಅದೇ 10 ನಿಮಿಷವನ್ನು ಒಟ್ಟಾರೆ ನೋಡಿದರೆ ಹೆಚ್ಚಿನ ಪದಗಳು ಸರಿಯಾಗಿಯೇ ಇದ್ದವು. ಮತ್ತೆ, ಆಮೇಲೆ, ಅಂದರೆ, ನಾವು, ಮಾಡಬೇಕು. ಇಂಥ ಪದಗಳೇ ಮಾತಿನಲ್ಲಿ ಜಾಸ್ತಿ. ಯಂತ್ರಕ್ಕೆ ಇವು ಗೊತ್ತಿರುತ್ತವೆ. ಆದರೆ "ಆಮೇಲೆ" ಎಂದು ಯಾರೂ ಹುಡುಕುವುದಿಲ್ಲ. ಅಪರೂಪದ ಪದವನ್ನೇ ಹುಡುಕುತ್ತಾರೆ, ಯಂತ್ರ ತಪ್ಪುವುದೂ ಅಲ್ಲೇ. ಅದಕ್ಕೇ "ನೂರಕ್ಕೆ ಇಷ್ಟು ಪದ ಸರಿ" ಎಂಬ ಲೆಕ್ಕವನ್ನು ನಾನು ಈ ಕೆಲಸಕ್ಕೆ ನಂಬುವುದಿಲ್ಲ. ಹುಡುಕುವ ಪದಗಳಲ್ಲಿ ಎಷ್ಟು ಉಳಿದಿವೆ ಎಂಬುದನ್ನೇ ನೋಡುತ್ತೇನೆ.

ಇದಕ್ಕೆ ದಾರಿ ಏನು? ಮೂಲ ಫೈಲನ್ನು ನಾನು ಮುಟ್ಟುವುದಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಸೂಚಿ ಮಾಡುತ್ತೇನೆ. ಅದರಲ್ಲಿ ಗೊಂದಲವಾಗುವ ಅಕ್ಷರಗಳನ್ನೆಲ್ಲ ಒಂದೇ ಮಾಡುತ್ತೇನೆ. ಳಕಾರ ಇದ್ದಲ್ಲಿ ಲಕಾರ. ಮಹಾಪ್ರಾಣ ಇದ್ದಲ್ಲಿ ಅಲ್ಪಪ್ರಾಣ. ದೀರ್ಘ ಇದ್ದಲ್ಲಿ ಹ್ರಸ್ವ. ಒತ್ತಿದ ಅಕ್ಷರ ಇದ್ದಲ್ಲಿ ಬಿಡಿ ಅಕ್ಷರ. ಪದದ ಮೊದಲಿನ ಹಕಾರ ಬಿಟ್ಟು ಅದರ ಸ್ವರ ಮಾತ್ರ. ಹುಡುಕುವವರು ಟೈಪ್ ಮಾಡಿದ ಪದಕ್ಕೂ ಇದೇ ನಿಯಮ. ಈಗ "ಕೊಳೆ" ಎಂದು ಹುಡುಕಿದರೆ "ಕೊಲೆ" ಎಂದು ಬರೆದ ಸಾಲೂ ಎದುರಿಗೆ ಬರುತ್ತದೆ. ಸರಿಯಾದ ಅಕ್ಷರವೇ ಇರುವ ಸಾಲು ಮೇಲೆ, ಹೀಗೆ ಊಹೆಯಿಂದ ಬಂದದ್ದು ಕೆಳಗೆ.

ಆದರೆ ಇದಕ್ಕೂ ಮಿತಿ ಇದೆ. ಈ ನಿಯಮದಲ್ಲಿ ಹೊಳೆ, ಒಲೆ, ಓಲೆ, ಒಳ್ಳೆ, ನಾಲ್ಕೂ ಒಂದೇ ಪದವಾಗಿಬಿಡುತ್ತವೆ. ಹೊಳೆ ಹುಡುಕಿದವರಿಗೆ "ಒಳ್ಳೆ" ಎಂದು ಹೇಳಿದ ಸಾಲುಗಳೆಲ್ಲ ಬಂದು ಬೀಳುತ್ತವೆ. ಒಳ್ಳೆ ಎಂಬುದು ಪ್ರತಿ ಭಾಷಣದಲ್ಲೂ ಬರುತ್ತದೆ! ಹಾಗಾಗಿ ಎರಡು ಅಕ್ಷರದ ಚಿಕ್ಕ ಪದಗಳಿಗೆ ಒಂದು ಕಟ್ಟುಪಾಡು ಇಟ್ಟಿದ್ದೇನೆ. ಜೊತೆಗೆ ಬರುವ ಇನ್ನೊಂದು ಪದವೂ ಅದೇ ತುಣುಕಿನಲ್ಲಿ ಇರಬೇಕು. ಕೊಳೆಗೆ ರೋಗ, ಇಲ್ಲವೇ ಮಳೆ, ಇಲ್ಲವೇ ಸಿಂಪಡಣೆ. ಇನ್ನು ಕೊಳೆಗೆ, ಕೊಳೆಯಿಂದ, ಕೊಳೆರೋಗಕ್ಕೆ, ಹೀಗೆ ವಿಭಕ್ತಿ ಸೇರಿದ ರೂಪಗಳೂ ಇವೆ ಅಲ್ವಾ? ಪದದ ಮೊದಲ ಭಾಗ ಹೊಂದಿದರೆ ಸಾಕು ಎಂದು ಬಿಟ್ಟಿದ್ದೇನೆ. "ಕೊಳೆರೋಗ" ಒಂದೇ ಪದವಾಗಿಯೂ "ಕೊಳೆ ರೋಗ" ಎರಡಾಗಿಯೂ ಬರುವುದರಿಂದ ಎರಡನ್ನೂ ಸೂಚಿಗೆ ಸೇರಿಸಬೇಕು.

"ಕೊನೆ" ಎಂದು ಬಂದ ಮೂರು ಸಾಲುಗಳು ಈ ನಿಯಮಕ್ಕೆ ಸಿಗಲಿಲ್ಲ. ಮೈಲುತುತ್ತವೂ ಸಿಗಲಿಲ್ಲ. ಅದು ಒಂದು ಕಡೆ "ಮೈಲಿ ಸುತ್ತ", ಇನ್ನೊಂದು ಕಡೆ "ಮೇಲೆ ತುತ್ತು" ಆಗಿತ್ತು. ಇಂಥವಕ್ಕೆ ಕೈಯಲ್ಲೇ ಪಟ್ಟಿ ಮಾಡಬೇಕು. ಒಬ್ಬರ ಮಾತಿನಲ್ಲಿ ಒಂದು ಪದ ಮತ್ತೆ ಮತ್ತೆ ಅದೇ ರೀತಿ ತಪ್ಪಾಗುವುದನ್ನು ನಾನು ತುಂಬ ಸಲ ನೋಡಿದ್ದೇನೆ. ಹಾಗಾಗಿ ಒಬ್ಬೊಬ್ಬ ಮಾತುಗಾರರಿಗೆ ಒಂದೊಂದು ಪಟ್ಟಿ ಮಾಡಿದರೆ ಶ್ರಮ ವ್ಯರ್ಥವಾಗುವುದಿಲ್ಲ.

ನನಗೆ ಎಲ್ಲಕ್ಕಿಂತ ಹೆದರಿಕೆ ಆಗುವುದು ಸಂಖ್ಯೆಗಳಲ್ಲಿ. ನೂರಕ್ಕೆ ಒಂದರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಹಿರಿಯರು ಅದನ್ನೇ ಹೇಳಿದ್ದರು. ಫೈಲಿನಲ್ಲಿ "ನೂರು" ಎಂಬುದು "ಮೂರು" ಆಗಿತ್ತು. ಹುಡುಕಿದಾಗ ಎದುರಿಗೆ ಕಾಣುವುದು ಆ ಒಂದು ಸಾಲು ಮಾತ್ರ. ಯಾರಾದರೂ ಅದನ್ನೇ ಓದಿ, ಕೇಳದೆ, ಬರೆದುಕೊಂಡರೆ? ಅದಕ್ಕೇ ನಾನು ಸಂಖ್ಯೆ ಇರುವ ತುಣುಕುಗಳಲ್ಲಿ ಸಾಲನ್ನು ತೋರಿಸುವುದನ್ನೇ ನಿಲ್ಲಿಸಿದೆ. ಹೊತ್ತು ಮಾತ್ರ ತೋರಿಸುತ್ತೇನೆ. 12ನೇ ನಿಮಿಷ, 7ನೇ ಸೆಕೆಂಡು. ಅಲ್ಲಿಗೆ ಹೋಗಿ ಅವರ ಬಾಯಿಂದಲೇ ಕೇಳಬೇಕು.

ಪ್ರತಿ ಫೈಲಿನ ಮೇಲೂ ಇದು ಯಂತ್ರ ಬರೆದದ್ದೋ, ಮನುಷ್ಯ ಕೇಳಿ ತಿದ್ದಿದ್ದೋ ಎಂದು ಈಗ ಗುರುತು ಹಾಕಿದ್ದೇನೆ. ಯಂತ್ರದ ಫೈಲಿನಲ್ಲಿ ಏನೂ ಸಿಗದಿದ್ದರೆ "ಇಲ್ಲ" ಎಂದು ಬರುವುದಿಲ್ಲ, "ಇನ್ನೂ ಕೇಳಿ ನೋಡಿಲ್ಲ" ಎಂದು ಬರುತ್ತದೆ.

ಕೆಲವು ರೆಕಾರ್ಡಿಂಗ್‌ಗಳಲ್ಲಿ ಗಾಳಿಯ ಸದ್ದು, ಹಿಂದಿನಿಂದ ಮಾತು. ಅಲ್ಲಿ ಯಂತ್ರ ಯಾರೂ ಹೇಳದ ಮಾತನ್ನೂ ಬರೆದಿದೆ, ಒಂದೇ ಸಾಲನ್ನು ಹತ್ತು ಸಲ ಬರೆದಿದೆ. ಅವನ್ನು ತಿದ್ದುವುದು ಬಿಟ್ಟು, ನಾನೇ ಕೇಳುತ್ತಾ ಮುಖ್ಯ ಪದ ಮತ್ತು ಹೊತ್ತು ಮಾತ್ರ ಬರೆಯುತ್ತಿದ್ದೇನೆ. ಅರ್ಧ ಗಂಟೆಯ ಮಾತಿಗೆ ಒಂದು ಗಂಟೆ ಹಿಡಿಯುತ್ತದೆ, ಮೂವತ್ತು ನಲವತ್ತು ಪದ ಆಗುತ್ತದೆ. ಮೊನ್ನೆ ಆ ಪರಿಚಯದವರಿಗೆ ನಾನೇ ಫೋನ್ ಮಾಡಿ, ಹಿರಿಯರ ಮಾತು ಎಲ್ಲಿದೆ ಎಂದು ನಿಮಿಷ ಸಮೇತ ಹೇಳಿದೆ.

ನಮಸ್ಕಾರ.