ಬಿಲ್ ವಾಪಸ್ ಕಳಿಸುವಾಗ ಏನು ಬರೆಯಬೇಕು

ಎಲ್ಲರಿಗೂ ನಮಸ್ಕಾರ. ಇಲ್ಲಿರುವವರೆಲ್ಲ ಅಕೌಂಟ್ಸ್ ಪೇಯಬಲ್‌ನಲ್ಲಿ ಕೂತು ದಿನವೂ ಬಿಲ್ ನೋಡುವವರು. ಪಿಒ, ಜಿಆರ್‌ಎನ್, ಇನ್‌ವಾಯ್ಸ್ ಮೂರನ್ನೂ ತಾಳೆ ನೋಡುವುದು ಹೇಗೆ ಅಂತ ನಿಮಗೆ ಹೇಳಿಕೊಡಬೇಕಿಲ್ಲ. ತಾಳೆ ಆಗದಾಗ ವೆಂಡರ್‌ಗೆ ನಾವು ಬರೆಯುವ ನಾಲ್ಕು ಸಾಲಿನ ಬಗ್ಗೆ ಮಾತ್ರ ಮಾತಾಡುತ್ತೇನೆ.

ಪೀಣ್ಯದಲ್ಲಿ ನನಗೆ ಪರಿಚಯದ ಒಂದು ಸಣ್ಣ ಮಷೀನ್ ಶಾಪ್ ಇದೆ. ಅವರು ಒಂದು ಕಾರ್ಖಾನೆಗೆ 400 ಬ್ರ್ಯಾಕೆಟ್ ಕಳಿಸಿದರು. ಒಂದು ಲಕ್ಷದ ಮಾಲು, 18 ಪರ್ಸೆಂಟ್ ಜಿಎಸ್‌ಟಿ ಸೇರಿ 1,18,000 ರೂಪಾಯಿ. ಜೂನ್ 3ಕ್ಕೆ ಮಾಲು ಇಳಿಯಿತು. ವಾರದ ಮೇಲೆ ಮೇಲ್ ಬಂತು: ‘ದಾಖಲೆ ಅಪೂರ್ಣ. ಮತ್ತೆ ಸಲ್ಲಿಸಿ.’ ಅಷ್ಟೇ. ಯಾವ ದಾಖಲೆ? ಮಾಲೀಕರು ಊಹೆ ಮಾಡಿ ಪಿಒ ಪ್ರತಿ ಹಚ್ಚಿ ಕಳಿಸಿದರು. ಮತ್ತೆ ವಾಪಸ್. ಈ ಸಲ ‘ಟೆಸ್ಟ್ ಸರ್ಟಿಫಿಕೇಟ್ ಇಲ್ಲ’ ಅಂತ ಬಂತು. ಅದನ್ನು ಸ್ಟೀಲ್ ಕೊಟ್ಟವರಿಂದ ತರಿಸಿ ಕಳಿಸಿದರು. ಆಮೇಲೆ ‘ಚಲನ್ ಮೇಲೆ ಗೇಟ್ ಸೀಲ್ ಇಲ್ಲ’ ಅಂದರು. ಕೊನೆಗೆ ಬಂದದ್ದು ‘ಜಿಆರ್‌ಎನ್ ಆಗಿಲ್ಲ’. ಜಿಆರ್‌ಎನ್ ಮಾಡಬೇಕಾದವರು ಯಾರು ಹೇಳಿ? ಕಾರ್ಖಾನೆಯ ಸ್ಟೋರ್ಸ್‌ನವರೇ, ಅಲ್ವಾ? ಅದಕ್ಕೆ ವೆಂಡರ್ ಏನು ಮಾಡಲಾಗುತ್ತದೆ?

ಮೊದಲ ದಿನವೇ ಇದೆಲ್ಲ ಆ ಬಿಲ್ಲಿನಲ್ಲಿ ಕಾಣುತ್ತಿತ್ತು. ಅದನ್ನು ನೋಡಿದವರು ಮೊದಲ ಕೊರತೆ ಸಿಕ್ಕ ಕೂಡಲೇ ನಿಲ್ಲಿಸಿಬಿಟ್ಟರು. ನಾನು ಹೇಳುವುದು ಇಷ್ಟು: ಕೊನೆಯವರೆಗೂ ನೋಡಿ, ಎಲ್ಲವನ್ನೂ ಒಂದೇ ಸಲ ಬರೆಯಿರಿ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

‘ನಮಸ್ಕಾರ ಸರ್. ಜೂನ್ 3ರ ನಿಮ್ಮ ಇನ್‌ವಾಯ್ಸ್ 118, ಮೊತ್ತ 1,18,000 ರೂಪಾಯಿ, ತಲುಪಿದೆ. ದರ, ಪ್ರಮಾಣ, ತೆರಿಗೆ ಪಿಒ ಪ್ರಕಾರ ಸರಿ ಇವೆ. ಎರಡು ದಾಖಲೆ ಬೇಕು. ಒಂದು, ಪಿಒದಲ್ಲಿ ಕೇಳಿರುವ ಮೆಟೀರಿಯಲ್ ಟೆಸ್ಟ್ ಸರ್ಟಿಫಿಕೇಟ್, ಹೀಟ್ ನಂಬರ್ ಕಾಣುವಂತೆ. ಎರಡು, ನಮ್ಮ ಗೇಟ್ ಸೀಲ್ ಇರುವ ಡೆಲಿವರಿ ಚಲನ್. ಸ್ಕ್ಯಾನ್ ಪ್ರತಿ ಸಾಕು. ಹೊಸ ಇನ್‌ವಾಯ್ಸ್ ಬೇಡ. ಈ ಮೇಲ್‌ಗೇ ಉತ್ತರಿಸಿ. ಜಿಆರ್‌ಎನ್ ನಮ್ಮ ಸ್ಟೋರ್ಸ್‌ನಲ್ಲಿ ಬಾಕಿ ಇದೆ, ಅದನ್ನು ನಾವೇ ಮಾಡಿಸುತ್ತೇವೆ.’

‘ಹೊಸ ಇನ್‌ವಾಯ್ಸ್ ಬೇಡ’ ಅನ್ನುವ ಮಾತು ತುಂಬಾ ಮುಖ್ಯ. ‘ಮತ್ತೆ ಸಲ್ಲಿಸಿ’ ಅಂದರೆ ಕೆಲವರು ಹೊಸ ನಂಬರ್ ಹಾಕಿ ಇನ್ನೊಂದು ಬಿಲ್ ಮಾಡುತ್ತಾರೆ. ಹಳೆಯದು ಆಗಲೇ ಅವರ ಜಿಎಸ್‌ಟಿಆರ್-1ರಲ್ಲಿ ಹೋಗಿದ್ದರೆ, ಒಂದೇ ಮಾಲಿಗೆ ನಮ್ಮ 2ಬಿಯಲ್ಲಿ ಎರಡು ಬಿಲ್ ಕಾಣುತ್ತವೆ. ವಹಿವಾಟು 5 ಕೋಟಿ ದಾಟಿ ಇ-ಇನ್‌ವಾಯ್ಸ್ ಮಾಡುವವರಾದರೆ ಪೋರ್ಟಲ್‌ನಲ್ಲಿ ಅದನ್ನು ರದ್ದು ಮಾಡಲು 24 ಗಂಟೆ ಮಾತ್ರ. ಆಮೇಲೆ ಸಾಮಾನ್ಯವಾಗಿ ಕ್ರೆಡಿಟ್ ನೋಟ್ ಕೊಡಬೇಕಾಗುತ್ತದೆ. ಬಿಲ್ಲಿನೊಳಗೇ ತಪ್ಪಿದ್ದರೆ, ಉದಾಹರಣೆಗೆ ನಮ್ಮ ಜಿಎಸ್‌ಟಿ ನಂಬರ್ ತಪ್ಪಾಗಿದ್ದರೆ, ಅದು ಬೇರೆ ಪ್ರಕರಣ. ಅದನ್ನೂ ಬಿಡಿಸಿ ಬರೆಯಬೇಕು. ಕಾಗದ ಇಲ್ಲದಿರುವುದು, ಬಿಲ್ಲೇ ತಪ್ಪಾಗಿರುವುದು, ಇವೆರಡನ್ನೂ ಒಂದೇ ‘ರಿಜೆಕ್ಟೆಡ್’ ಸೀಲಿನಡಿ ಹಾಕಬೇಡಿ.

ಇನ್ನು ದಿನದ ಲೆಕ್ಕ. ಬಿಲ್ ವಾಪಸ್ ಮಾಡಿದರೆ ಪೇಮೆಂಟ್ ಗಡುವೂ ನಿಂತಿತು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಉದ್ಯಮ್ ನೋಂದಣಿ ಇರುವ ಸಣ್ಣ ತಯಾರಕರಿಗೆ, ಒಪ್ಪಂದ ಏನೇ ಇದ್ದರೂ, 45 ದಿನದೊಳಗೆ ಕೊಡಬೇಕು ಅನ್ನುತ್ತದೆ ಎಂಎಸ್‌ಎಂಇಡಿ ಕಾಯ್ದೆ. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. ಆಕ್ಷೇಪ ಇದ್ದರೆ ಮಾಲು ಇಳಿದ 15 ದಿನದೊಳಗೆ ಬರೆದು ತಿಳಿಸಬೇಕು, ಅದೂ ಮಾಲನ್ನು ಒಪ್ಪಿಕೊಳ್ಳುವ ಬಗ್ಗೆ ಇರಬೇಕು. ಗೇಟ್ ಸೀಲ್ ಇಲ್ಲ ಅನ್ನುವುದನ್ನು ಮಾಲಿನ ಮೇಲಿನ ಆಕ್ಷೇಪ ಅಂತ ವಾದಿಸುವುದು ಕಷ್ಟ. ಜೂನ್ 3ರಿಂದ 45 ದಿನ ಎಣಿಸಿದರೆ ಆ ಬ್ರ್ಯಾಕೆಟ್‌ಗಳ ಗಡುವು ಜುಲೈ 18. ಒಂದೊಂದೇ ಕಾಗದ ಕೇಳುತ್ತಾ ಕೂತರೆ ನಮ್ಮ ದಿನಗಳೇ ಹೋಗುತ್ತವೆ. ತಡವಾದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅದಕ್ಕೇ ಹೇಳಿದ್ದು, ಎಲ್ಲವನ್ನೂ ಒಂದೇ ಸಲ ಬರೆಯಿರಿ ಅಂತ.

ಮರ್ಯಾದೆಯ ಬಗ್ಗೆ ಜಾಸ್ತಿ ಹೇಳಬೇಕು ಅಂತಿದ್ದೆ, ಚೀಟಿ ಬಂದಿದೆ, ಮುಗಿಸುತ್ತೇನೆ. ‘ನೀವು ಕಳಿಸಿಲ್ಲ’ ಅನ್ನಬೇಡಿ, ‘ನಮಗೆ ಸಿಕ್ಕಿಲ್ಲ’ ಅನ್ನಿ. ಎಷ್ಟೋ ಸಲ ಚಲನ್ ನಮ್ಮ ಸೆಕ್ಯೂರಿಟಿ ಗೇಟಿನ ಫೈಲಲ್ಲೇ ಇರುತ್ತದೆ. ಮೇಲ್ ಕೆಳಗೆ ‘ಎಪಿ ಟೀಮ್’ ಅಂತ ಬರೆದು ಸುಮ್ನೆ ಬಿಡಬೇಡಿ. ನಿಮ್ಮ ಹೆಸರು, ಫೋನ್ ನಂಬರ್ ಹಾಕಿ. ಅನುಮಾನ ಬಂದರೆ ಅವರು ಕರೆ ಮಾಡಿ ಕೇಳಲಿ.