ಅದೇ ಗೆರೆ, ಅದೇ ಜಾಗ

ಕೇಳುಗರಿಗೆ ನಮಸ್ಕಾರ.

ಕೊಂಡ ಐದನೇ ತಿಂಗಳಲ್ಲಿ ನಮ್ಮ ಟಿವಿ ಪರದೆಯ ಮೇಲೆ, ಎಡ ಅಂಚಿನಿಂದ 22 ಸೆಂಟಿಮೀಟರ್ ದೂರದಲ್ಲಿ, ಮೇಲಿಂದ ಕೆಳಗಿನವರೆಗೆ ಕೂದಲೆಳೆಯಂಥ ಹಸಿರು ಗೆರೆಯೊಂದು ಮೂಡಿತು. ವಾರಂಟಿ ಇದ್ದದ್ದು 12 ತಿಂಗಳು. ಸೇವಾ ಕೇಂದ್ರದವರು ಬಂದು ಒಳಗಿನ ಒಂದು ಬೋರ್ಡ್ ಬದಲಿಸಿದರು. ಆರು ವಾರಕ್ಕೆ ಗೆರೆ ಮರಳಿ ಬಂತು. ಎರಡನೇ ಸಲ ಪ್ಯಾನೆಲ್ಲನ್ನು ಕೇಂದ್ರಕ್ಕೇ ಒಯ್ದು, ಅಂಚಿನ ಪಟ್ಟಿಯನ್ನು ಬಿಸಿ ಕೊಟ್ಟು ಒತ್ತಿ ಕೂರಿಸಿದರು. ಮೂರು ವಾರ ಕಳೆಯುವಷ್ಟರಲ್ಲಿ ಮತ್ತೆ ಗೆರೆ, ಅಳೆದು ನೋಡಿದರೆ ಅದೇ 22 ಸೆಂಟಿಮೀಟರ್.

ಆಗ ನಾನು ಬರೆದ ಮೊದಲ ಪತ್ರ ಎರಡೇ ಸಾಲಿನದು: ‘ಟಿವಿ ಮತ್ತೆ ಕೆಟ್ಟಿದೆ, ಬದಲಿಸಿ ಕೊಡಿ.’ ‘ನಿಮ್ಮ ಹೊಸ ದೂರು ದಾಖಲಾಗಿದೆ’ ಎಂಬ ಉತ್ತರ ಬಂತು. ಹೊಸ ದೂರು! ನನಗೆ ಬೇಸರವಾದದ್ದು ಆ ಮಾತಿಗೆ. ಪ್ರತಿ ಸಲವೂ ಹೊಸ ದೂರಾದರೆ ಪ್ರತಿ ಸಲವೂ ಹೊಸ ದುರಸ್ತಿಯೇ. ಇದು ಹಳೆಯ ದೋಷವೇ ಎಂದು ತೋರಿಸದೆ ಬದಲಿ ಕೇಳಿ ಫಲವಿರಲಿಲ್ಲ. ಪತ್ರವನ್ನು ಮತ್ತೆ ಬರೆದೆ.

ಮಾದರಿಯ ಹೆಸರು, ಹಿಂಬದಿಯ ಕ್ರಮಸಂಖ್ಯೆ, ಬಿಲ್ಲಿನ ದಿನಾಂಕ, ಎರಡೂ ಜಾಬ್ ಶೀಟ್‌ಗಳ ಸಂಖ್ಯೆ ಮೇಲೆಯೇ ಬಂದವು. ಆಮೇಲೆ ಹೀಗೆ ಬರೆದೆ: ‘ಎಲ್ಲ ಕೇಬಲ್‌ಗಳನ್ನು ತೆಗೆದು ಟಿವಿಯ ಮೆನು ತೆರೆದರೂ ಗೆರೆ ಅದರ ಮೇಲೆಯೇ ಹಾದುಹೋಗುತ್ತದೆ. ಆದ್ದರಿಂದ ದೋಷ ಹೊರಗಿನ ಸಂಪರ್ಕದ್ದಲ್ಲ. ಟಿವಿ ಹಾಕಿದಾಗ ಕಾಣದ ಗೆರೆ, ಅರ್ಧ ಗಂಟೆಯಲ್ಲಿ ಪರದೆ ಬೆಚ್ಚಗಾದ ಮೇಲೆ ಮೂಡುತ್ತದೆ. ನಿಮ್ಮ ತಂತ್ರಜ್ಞರು ಅಂಚನ್ನು ಒತ್ತಿದಾಗ ಕ್ಷಣಕಾಲ ಮಾಯವಾಗಿತ್ತು. ಗಾಜಿನ ಮೇಲೆ ಬಿರುಕಾಗಲಿ, ಪೆಟ್ಟಿನ ಗುರುತಾಗಲಿ ಇಲ್ಲ.’

ಈ ಕೊನೆಯ ವಾಕ್ಯವನ್ನು ಬಿಡಬಾರದು. ಪೆಟ್ಟು ಬಿದ್ದು ಆದ ಹಾನಿಗೆ ಸಾಮಾನ್ಯವಾಗಿ ವಾರಂಟಿ ಸಲ್ಲುವುದಿಲ್ಲ. ಪೆಟ್ಟು ಬಿದ್ದಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಪರದೆ ಆರಿಸಿ ಒಂದು, ಬೆಳಗಿಸಿ ಒಂದು ಫೋಟೊ ಇಟ್ಟೆ.

ಒತ್ತಿದರೆ ಗೆರೆ ಮಾಯವಾಗುವುದೇಕೆ? ಗಾಜಿನ ಅಂಚಿಗೆ ತೆಳುವಾದ ಪಟ್ಟಿಗಳನ್ನು ವಿದ್ಯುತ್ ಹರಿಯುವಂಥ ಅಂಟಿನಿಂದ ಕೂರಿಸಿರುತ್ತಾರೆ. ಪರದೆಯ ಲಂಬ ಸಾಲುಗಳಿಗೆ ಸಂಕೇತ ಹೋಗುವುದು ಅವುಗಳ ಮೂಲಕ. ಬಿಸಿಗೆ ಹಿಗ್ಗಿ, ತಣಿದು ಕುಗ್ಗಿ ಒಂದು ಎಳೆಯ ಹಿಡಿತ ಸಡಿಲಿದರೂ ಸಾಕು, ಆ ಸಾಲು ಗೆರೆಯಾಗಿ ನಿಲ್ಲುತ್ತದೆ. ಸಡಿಲಿದ ಅಂಟನ್ನು ಮತ್ತೆ ಒತ್ತಿದರೆ ಕೆಲವು ವಾರ ನಿಂತೀತು, ಅಷ್ಟೇ. ನಮ್ಮ ಮನೆಯಲ್ಲಿ ಆದದ್ದು ಅದೇ.

ಪತ್ರದ ಕೊನೆಯ ಭಾಗ ಹೀಗಿತ್ತು: ‘ಒಂದೇ ದೋಷಕ್ಕೆ ಎರಡು ದುರಸ್ತಿಗಳು ನಿಲ್ಲಲಿಲ್ಲ. ಮೂರನೆಯದಕ್ಕೆ ನನ್ನ ಒಪ್ಪಿಗೆಯಿಲ್ಲ. ಇದೇ ಮಾದರಿಯ ಅಥವಾ ಇದಕ್ಕೆ ಸಮನಾದ ಹೊಸ ಟಿವಿಯನ್ನು ಕೊಡಿ. ಪ್ಯಾನೆಲ್ ಮಾತ್ರ ಬದಲಿಸುವುದಾದರೆ, ಅದು ಹೊಸದೋ ದುರಸ್ತಿಯಾದದ್ದೋ, ಅದಕ್ಕೆ ವಾರಂಟಿ ಎಂದಿನಿಂದ ಎಂಬುದನ್ನು ಮೊದಲು ಬರಹದಲ್ಲಿ ತಿಳಿಸಿ. 15 ದಿನಗಳೊಳಗೆ ಉತ್ತರ ಕೊಡಿ. ಇದನ್ನು ಹೊಸ ದೂರೆಂದು ದಾಖಲಿಸಬೇಡಿ.’