ಐದು ಜನರ ವಿಭಾಗ, 41 ದಿನದ ರಜೆ

ಕೇಳುಗರೆಲ್ಲರಿಗೂ ನಮಸ್ಕಾರ.

ಸಿಬ್ಬಂದಿ ವಿಭಾಗದಲ್ಲಿ ಕೆಲಸ ಮಾಡುವವರಿಗೆ ಮೂರು ತಿಂಗಳಿಗೊಮ್ಮೆ ಒಂದು ವರದಿ ಬರೆಯುವ ಕೆಲಸ ಇರುತ್ತದೆ. ಯಾವ ವಿಭಾಗದಲ್ಲಿ ಎಷ್ಟು ಸಿಕ್ ಲೀವ್ ಹೋಗಿದೆ, ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಅಂತ ಆಡಳಿತ ಮಂಡಳಿಗೆ ತಿಳಿಸಬೇಕು. ಯಾರ ಹೆಸರೂ ಇರಬಾರದು. ಕೇಳೋಕೆ ಸುಲಭ, ಅಲ್ವಾ? ಹೆಸರಿನ ಕಾಲಂ ಅಳಿಸಿದರೆ ಮುಗಿಯಿತು ಅಂತ ನಾನೂ ಅಂದುಕೊಂಡಿದ್ದೆ. ನನ್ನ ಮೊದಲ ವರದಿಯಲ್ಲಿ ಒಂದೇ ಒಂದು ಹೆಸರು ಇರಲಿಲ್ಲ. ಆದರೂ ಸಭೆ ಶುರುವಾಗಿ ಎರಡು ನಿಮಿಷಕ್ಕೆ ಒಬ್ಬರು ಹಾಳೆಯ ಮೇಲೆ ಬೆರಳಿಟ್ಟು, "ಓ, ಇದು ಅವರದ್ದಲ್ವಾ?" ಅಂದರು. ಸರಿಯಾಗೇ ಹೇಳಿದ್ದರು.

ಎಲ್ಲಿ ತಪ್ಪಿತು ಅನ್ನುವುದನ್ನು ಒಂದು ಲೆಕ್ಕ ಇಟ್ಟುಕೊಂಡು ಹೇಳುತ್ತೇನೆ. ಅಂಕಿಗಳು ನಾನೇ ಕಟ್ಟಿದವು, ತೊಡಕು ಮಾತ್ರ ನಿಜದ್ದು.

120 ಜನರ ಒಂದು ಕಾರ್ಖಾನೆ ಅಂದುಕೊಳ್ಳಿ. ತಯಾರಿಕೆಯಲ್ಲಿ 64 ಜನ, ಸರಕು ಸಾಗಣೆಯಲ್ಲಿ 28, ಕಚೇರಿಯಲ್ಲಿ 23, ಲೆಕ್ಕಪತ್ರದಲ್ಲಿ ಬರೀ 5. ಮೂರು ತಿಂಗಳಲ್ಲಿ 62 ಕೆಲಸದ ದಿನ. ಒಟ್ಟು 260 ದಿನ ಸಿಕ್ ಲೀವ್ ಹೋಗಿದೆ. ಅದರಲ್ಲಿ ಲೆಕ್ಕಪತ್ರದ ಐದು ಜನರ ಪಾಲೇ 41 ದಿನ. ಅಲ್ಲಿ ಒಬ್ಬರಿಗೆ ಆಪರೇಷನ್ ಆಗಿ 38 ದಿನ ಬಂದಿರಲಿಲ್ಲ. ಇಡೀ ಕಾರ್ಖಾನೆಗೆ ಗೊತ್ತಿರುವ ವಿಷಯ. ಹಾಗಾಗಿ "ಲೆಕ್ಕಪತ್ರ: 41 ದಿನ" ಅಂತ ಬರೆದರೆ ಅವರ ಹೆಸರನ್ನೇ ಬರೆದ ಹಾಗೆ.

ಸರಿ, ಆ ಒಂದು ಅಂಕಿ ಮುಚ್ಚಿ ಗೆರೆ ಎಳೆಯೋಣ ಅನಿಸುತ್ತದೆ. ನಾನೂ ಎರಡನೇ ಸಲ ಅದನ್ನೇ ಮಾಡಿದೆ. ಆದರೆ ಕೆಳಗೆ ಒಟ್ಟು 260 ಅಂತ ಇದೆ. ಉಳಿದ ಮೂರು ವಿಭಾಗಗಳ ಅಂಕಿ ಕೂಡಿದರೆ 219. ಕಳೆಯುವ ಲೆಕ್ಕ ಬಂದವರಿಗೆಲ್ಲ 41 ಸಿಕ್ಕೇ ಸಿಗುತ್ತದೆ. ಒಂದು ಮನೆ ಮುಚ್ಚಿದರೆ ಸಾಲದು. ಜೊತೆಗೆ ಇನ್ನೊಂದನ್ನೂ ಮುಚ್ಚಬೇಕು, ಇಲ್ಲವೇ ಚಿಕ್ಕ ವಿಭಾಗವನ್ನು ದೊಡ್ಡದರ ಜೊತೆ ಸೇರಿಸಬೇಕು. ನನಗೆ ಸೇರಿಸುವುದೇ ಇಷ್ಟ. ಗೆರೆ ಎಳೆದ ಜಾಗ ಕಂಡರೆ ಜನರಿಗೆ ಕುತೂಹಲ ಜಾಸ್ತಿ. ಎಷ್ಟು ಜನಕ್ಕಿಂತ ಕಡಿಮೆ ಇದ್ದರೆ ಸೇರಿಸಬೇಕು ಅನ್ನುವುದನ್ನು ಅಂಕಿ ನೋಡುವ ಮೊದಲೇ ತೀರ್ಮಾನಿಸಿ ಬರೆದಿಡಿ. ನಾನು ಹತ್ತು ಅಂತ ಇಟ್ಟುಕೊಂಡಿದ್ದೇನೆ.

ಈಗ ಲೆಕ್ಕಪತ್ರವನ್ನು ಕಚೇರಿಗೆ ಸೇರಿಸಿದೆವು. 28 ಜನ, 70 ದಿನ. ಸಾಗಣೆ ವಿಭಾಗದಲ್ಲೂ 28 ಜನ, ಅಲ್ಲಿ 68 ದಿನ. ಜನರ ಸಂಖ್ಯೆಯನ್ನು 62 ದಿನದಿಂದ ಗುಣಿಸಿದರೆ ಬರುವ ಒಟ್ಟು ಕೆಲಸದ ದಿನಗಳಲ್ಲಿ ಎರಡೂ ಹೆಚ್ಚುಕಡಿಮೆ ಶೇಕಡಾ 4. ಹೆಸರೇನೋ ಮರೆಯಾಯಿತು, ಆದರೆ ಹೊಸ ತಾಪತ್ರಯ ಬಂತು. ಕಚೇರಿಯವರೂ ಸಾಗಣೆಯವರಷ್ಟೇ ರಜೆ ಹಾಕುತ್ತಾರೆ ಅಂತ ಓದಿದವರಿಗೆ ಅನಿಸುತ್ತದೆ. ಅದು ಸುಳ್ಳು. ಕಚೇರಿಯ ಅಂಕಿಯನ್ನು ಹಿಗ್ಗಿಸಿದ್ದು ಒಂದು ಆಪರೇಷನ್.

ಹಾಗಾಗಿ ಉದ್ದನೆಯ ರಜೆಯನ್ನು ಬೇರೆ ತೆಗೆಯಬೇಕು. ಒಂದೇ ಸಲಕ್ಕೆ 20 ಕೆಲಸದ ದಿನ ಮೀರಿದ್ದನ್ನೆಲ್ಲ ವಿಭಾಗದ ಲೆಕ್ಕದಿಂದ ಹೊರಗಿಟ್ಟು, ಇಡೀ ಕಾರ್ಖಾನೆಗೆ ಸೇರಿಸಿ ಒಂದೇ ಸಾಲಿನಲ್ಲಿ ಹೇಳುವುದು: "260ರಲ್ಲಿ 96 ದಿನ ಉದ್ದನೆಯ ರಜೆ." ಎಷ್ಟು ಜನ ಅಂತ ಹೇಳುವುದಿಲ್ಲ, ಮೂರೇ ಜನ ಇರಬಹುದು. ಉಳಿದ 164 ದಿನವನ್ನು ವಿಭಾಗಗಳಿಗೆ ಹಂಚಿ ನೋಡಿ. ತಯಾರಿಕೆ 64 ದಿನ, ಶೇಕಡಾ 1.6. ಕಚೇರಿ ಮತ್ತು ಲೆಕ್ಕಪತ್ರ ಸೇರಿ 32 ದಿನ, ಶೇಕಡಾ 1.8. ಸಾಗಣೆ ಮಾತ್ರ ಅದೇ 68 ದಿನ, ಶೇಕಡಾ 3.9. ಈಗ ಚಿತ್ರ ತಿಳಿಯಾಯಿತು. ಒಂದು ಎಚ್ಚರ ಬೇಕು. ವಿಭಾಗಕ್ಕೆ ಉದ್ದ ರಜೆ ಸೇರಿಸಿದ ಅಂಕಿ, ಸೇರಿಸದ ಅಂಕಿ ಎರಡನ್ನೂ ಕೊಡಬೇಡಿ. 70ರಲ್ಲಿ 32 ಕಳೆದರೆ ಮತ್ತೆ 38 ಎದ್ದು ಕೂರುತ್ತದೆ.

ಸಾಗಣೆಯಲ್ಲಿ ಏನು ನಡೆಯುತ್ತಿದೆ? ಇಲ್ಲಿ ಎಲ್ಲರ ಬಾಯಲ್ಲೂ ಬರುವ ಮೊದಲ ಮಾತು, "ಸೋಮವಾರ, ಶುಕ್ರವಾರ ನೋಡಿ." ವಾರಕ್ಕೆ ಐದು ದಿನ ಕೆಲಸ ಇರುವ ಕಡೆ ಈ ಎರಡು ದಿನಗಳ ಸಹಜ ಪಾಲೇ ಶೇಕಡಾ 40. ಆ ಅಂಕಿ ತೋರಿಸಿ ಜನರನ್ನು ಅನುಮಾನಿಸಿದವರನ್ನು ನಾನು ಕಂಡಿದ್ದೇನೆ. ಇನ್ನೊಂದು ವಿಷಯ. ರಜೆ ಶುರುವಾದ ದಿನ ಎಣಿಸಿದರೆ ಸೋಮವಾರ ಜಾಸ್ತಿ ಬರಲೇಬೇಕು. ಶನಿವಾರ, ಭಾನುವಾರ ಜ್ವರ ಬಂದವರೂ ರಜೆ ಹಾಕುವುದು ಸೋಮವಾರವೇ ತಾನೆ? ಅದಕ್ಕೆ ಶುರುವಾದ ದಿನ ಬಿಟ್ಟು, ರಜೆಯಲ್ಲಿ ಹೋದ ದಿನಗಳನ್ನು ಎಣಿಸಿ.

ನಮ್ಮ ಲೆಕ್ಕದಲ್ಲಿ ವಾರದ ದಿನ ಏನೂ ಹೇಳಲಿಲ್ಲ. ತಿಂಗಳ ದಿನ ಹೇಳಿತು. ಪ್ರತಿ ತಿಂಗಳ ಮೊದಲ ಐದು ಕೆಲಸದ ದಿನ ಅಂದರೆ ಮೂರು ತಿಂಗಳಿಗೆ 15 ದಿನ, 62ರಲ್ಲಿ ಸುಮಾರು ಕಾಲು ಭಾಗ. ಆದರೆ ಸಾಗಣೆಯ 68 ದಿನಗಳಲ್ಲಿ 31 ದಿನ ಆ ಹೊತ್ತಿನಲ್ಲೇ ಬಿದ್ದಿವೆ. ಅಂದರೆ ಅರ್ಧಕ್ಕೆ ಹತ್ತಿರ. ತಿಂಗಳ ಕೊನೆಯ ವಾರದ ಓವರ್‌ಟೈಮ್ ಗಂಟೆಗಳನ್ನು ಪಕ್ಕದಲ್ಲಿಟ್ಟು ನೋಡಿದರೆ, ಅವು ಏರಿದ ಬೆನ್ನಿಗೇ ರಜೆಯೂ ಏರಿದೆ.

ಇದನ್ನು ಬರೆಯುವ ಮೊದಲು ನಾನು ಒಳಗೊಳಗೇ ಒಂದು ಪರೀಕ್ಷೆ ಮಾಡುತ್ತೇನೆ. ಆ 31 ದಿನ ಎಷ್ಟು ಜನರದ್ದು? ನಾಲ್ಕೇ ಜನರದ್ದಾಗಿದ್ದರೆ ಅದು ವಿಭಾಗದ ಒಲವು ಅಲ್ಲ, ನಾಲ್ಕು ಜನರ ಕಥೆ. ಅದು ಈ ವರದಿಗೆ ಸೇರಿದ್ದಲ್ಲ. ಇಲ್ಲಿ 19 ಜನರಿದ್ದರು. ಹಾಗಾಗಿ ವರದಿಯಲ್ಲಿ "ವಿಭಾಗದ ಅರ್ಧಕ್ಕಿಂತ ಹೆಚ್ಚು ಜನ" ಅಂತ ಬರೆಯಬಹುದು. ಓವರ್‌ಟೈಮ್‌ನಿಂದಲೇ ಕಾಯಿಲೆ ಬಂತು ಅಂತ ಮಾತ್ರ ಬರೆಯಬಾರದು. ಎರಡೂ ಒಟ್ಟಿಗೆ ಏರಿವೆ, ಕೊನೆಯ ವಾರದ ಲೋಡಿಂಗ್ ಕೆಲಸವನ್ನು ಮೂರನೇ ವಾರಕ್ಕೂ ಹಂಚಿ ಮುಂದಿನ ಮೂರು ತಿಂಗಳು ನೋಡೋಣ, ಅಂತ ಸಲಹೆ ಕೊಡಬಹುದು. ಕಾಯಿಲೆಯ ಹೆಸರುಗಳನ್ನಂತೂ ನಾನು ಹಾಕುವುದೇ ಇಲ್ಲ.

ಇಷ್ಟೆಲ್ಲ ಮಾಡಿ ಕೊನೆಗೆ ಫೈಲ್ ಕಳಿಸುವಾಗ ಎಡವುವವರು ಬಹಳ. ಎಕ್ಸೆಲ್‌ನ ಪಿವಟ್ ಟೇಬಲ್ ಮಾಡಿ, ಮೂಲ ಹಾಳೆ ಅಳಿಸಿ, ಹಾಗೇ ಇಮೇಲ್ ಮಾಡುತ್ತಾರೆ. ಆ ಟೇಬಲ್ ಒಳಗೆ ಮೂಲ ಮಾಹಿತಿಯ ಪ್ರತಿ ಉಳಿದಿರುತ್ತದೆ. ಒಟ್ಟು ಮೊತ್ತದ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಹೆಸರು ಸಮೇತ ಇಡೀ ಪಟ್ಟಿ ಹೊಸ ಹಾಳೆಯಲ್ಲಿ ತೆರೆದುಕೊಳ್ಳಬಹುದು. ಪಿಡಿಎಫ್ ಮಾಡಿ ಕಳಿಸಿ. ಇಲ್ಲವಾದರೆ ಬರೀ ಅಂಕಿಗಳನ್ನು ಹೊಸ ಫೈಲಿಗೆ ಅಂಟಿಸಿ.

ಮುಂದಿನ ಮೂರು ತಿಂಗಳಿಗೆ ಲೆಕ್ಕಪತ್ರದಲ್ಲಿ ಯಾರೂ ರಜೆ ಹಾಕಿಲ್ಲ ಅಂದುಕೊಳ್ಳಿ. ಈಗ ಬೇರೆಯಾಗಿ ತೋರಿಸಿದರೆ ತೊಂದರೆ ಏನು, ಅಂತ ಯಾರಾದರೂ ಕೇಳುತ್ತಾರೆ. ಒಮ್ಮೆ ಸೇರಿಸಿ, ಒಮ್ಮೆ ಬಿಡಿಸಿ ತೋರಿಸಿದರೆ, ಯಾವಾಗ ಸೇರಿಸಿದ್ದೇವೋ ಆಗ ಅಲ್ಲಿ ಮುಚ್ಚುವಂಥದ್ದು ಏನೋ ಇತ್ತು ಅಂತ ನಾವೇ ಹೇಳಿದ ಹಾಗೆ. ಅದಕ್ಕೆ ಸೊನ್ನೆ ಬಂದ ಸಲವೂ ಲೆಕ್ಕಪತ್ರ ಕಚೇರಿಯ ಜೊತೆಗೇ ಇರುತ್ತದೆ.

ನಮಸ್ಕಾರ.